ಬಾಡಿಗೆ ಪತ್ರದ ಒಂದು ಕಲಮು

ಬಾಡಿಗೆಯ ಕರಾರು ಪತ್ರವನ್ನು ಕನ್ನಡಿಸುವುದು ಕಾದಂಬರಿಯನ್ನು ಕನ್ನಡಿಸುವುದಕ್ಕಿಂತ ಸುಲಭವೆಂದು ಬಹುಜನರ ಎಣಿಕೆ. ಅಲ್ಲಿ ರಸವಿಲ್ಲ, ಅಲಂಕಾರವಿಲ್ಲ. ನಿಘಂಟೊಂದಿದ್ದರೆ ಸಾಕೆಂದು ತಿಳಿಯುತ್ತಾರೆ. ಹಾವೇರಿಯ ಬಳಿಯ ನಮ್ಮ ಅಗಡಿಗೆ ಭಾಷಾಂತರದ ನಂಟು ಹಳೆಯದು. ‘ಸದ್ಬೋಧ ಚಂದ್ರಿಕೆ’ ಇಲ್ಲಿಂದಲೇ ಹೊರಡುತ್ತಿತ್ತು. ಅದಕ್ಕಾಗಿ ದುಡಿದ ಗಳಗನಾಥರು ಮರಾಠಿಯ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಕಾದಂಬರಿಯಲ್ಲಿ ಒಂದು ಮಾತು ಹೆಚ್ಚಾದರೆ ಓದುಗನು ಕ್ಷಮಿಸಿಯಾನು. ಕರಾರು ಪತ್ರದಲ್ಲಿ ಒಂದು ಶಬ್ದ ಸರಿದರೆ ಯಾರದೋ ಹಣ ಸರಿಯುತ್ತದೆ.

ಅಗಡಿಯ ವೃದ್ಧೆಯೊಬ್ಬರಿಗೆ ಹಾವೇರಿಯಲ್ಲಿ ಒಂದು ಮನೆಯಿದೆ. ಬೆಂಗಳೂರಿನಿಂದ ವರ್ಗವಾಗಿ ಬಂದ ತರುಣ ನೌಕರರೊಬ್ಬರು ಅದನ್ನು ತಿಂಗಳಿಗೆ 5,000 ರೂಪಾಯಿಯಂತೆ 11 ತಿಂಗಳ ಮಟ್ಟಿಗೆ ಹಿಡಿದರು. 50,000 ರೂಪಾಯಿ ಮೊದಲೇ ಕೊಡುವುದೆಂದು ಮಾತಾಯಿತು. ಪತ್ರ ಇಂಗ್ಲಿಷಿನಲ್ಲಿತ್ತು. ಅಜ್ಜಿ ಕನ್ನಡದಲ್ಲಿಯೇ ಬೇಕೆಂದುದರಿಂದ ಟೈಪಿನ ಅಂಗಡಿಯವರು ಅದನ್ನು ಕನ್ನಡಿಸಿಕೊಟ್ಟರು. ಸಹಿ ಮಾಡುವ ಮುನ್ನ ಇಬ್ಬರೂ ಅದನ್ನು ನನ್ನಲ್ಲಿಗೆ ತಂದರು. ಅದರಲ್ಲಿನ ಒಂದು ಕಲಮು ಹೀಗಿತ್ತು:

“ಗೇಣಿಯ ನಿರ್ಧಾರವಾದ ಮೇಲೆ ಗೇಣಿದಾರನು ನ್ಯಾಯವಾದ ಹರಕು ಮುರುಕುಗಳ ಹೊರತು ಮೊದಲಿದ್ದ ಸ್ಥಿತಿಯಲ್ಲಿ ಮನೆಯನ್ನು ಒಪ್ಪಿಸಬೇಕು, ಮಾಲೀಕರು ಬಾಕಿಯನ್ನು ಕಳೆದು ಮುಂಗಡವನ್ನು ಹಿಂದಿರುಗಿಸಬಹುದು.”

ಓದಿದರೆ ಕನ್ನಡವೇ. ಆದರೆ ಮೊದಲ ಶಬ್ದಕ್ಕೇ ಅಜ್ಜಿ ಬೆದರಿದ್ದರು. “ಮಾಸ್ತರ, ಗೇಣಿ ಅಂತ ಬರದಾರಲ್ಲರಿ, ನಾಳೆ ಮನಿ ಅವರದ ಆಗತೈತೇನ್ರಿ?” ಎಂದು ಕೇಳಿದರು. ಇದನ್ನು ಅಜ್ಞಾನವೆಂದು ನಗುವಂತಿಲ್ಲ. ಗೇಣಿಯೆಂದರೆ ನಮ್ಮಲ್ಲಿ ಹೊಲದ ಮಾತು. 1974ರ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಹೊಲಗಳು ಒಡೆಯರ ಕೈಬಿಟ್ಟು ಸರಕಾರದ ಮೂಲಕ ಉಳುವವರಿಗೆ ಸಂದವು. ಅದನ್ನು ಕಂಡ ಮನೆತನಗಳಿಗೆ ಆ ಶಬ್ದವೇ ಒಂದು ಕಾಯಿದೆ. ಪೇಟೆಯ ಮನೆಗೆ ಆ ಕಾಯಿದೆ ತಟ್ಟದು, ನಿಜ. ಆದರೂ ತಟ್ಟುವಂತೆ ಕಾಣುವ ಶಬ್ದವನ್ನು ಪತ್ರದಲ್ಲಿ ಏಕೆ ಇಡಬೇಕು?

ಹಾಗಾದರೆ ಇಂಗ್ಲಿಷಿನ ‘ಲೀಸ್’ಗೆ ಏನೆನ್ನಬೇಕು? ಲಾವಣಿಯೆಂದರೂ ಈ ಕಡೆ ಹೊಲವೇ. ಗುತ್ತಿಗೆಯೆಂದರೆ ರಸ್ತೆ ಮಾಡಿಸುವ ಕಂಟ್ರಾಕ್ಟೂ ಆದೀತು. ಭೋಗ್ಯವೆಂದರೆ ಕಾಯಿದೆಯ ದೃಷ್ಟಿಯಲ್ಲಿ ಅದು ಒಂದು ಬಗೆಯ ಅಡಮಾನ: ಸಾಲ ಕೊಟ್ಟವನು ಬಡ್ಡಿಯ ಬದಲು ಆಸ್ತಿಯನ್ನು ಅನುಭವಿಸುವುದು. ಇಂಗ್ಲಿಷಿನ ಶಬ್ದವನ್ನೇ ಕನ್ನಡ ಅಕ್ಷರದಲ್ಲಿಟ್ಟು ಪಾರಾಗುವೆನೆಂದರೆ ಅಲ್ಲಿಯೂ ತೊಡಕಿದೆ. ಬೆಂಗಳೂರಿನ ತರುಣನಿಗೆ ‘ಲೀಸಿಗೆ ಮನೆ’ಯೆಂದರೆ ದೊಡ್ಡ ಮೊತ್ತವನ್ನು ಒಮ್ಮೆಲೇ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಅಷ್ಟನ್ನೂ ಮರಳಿ ಪಡೆಯುವ ಏರ್ಪಾಡು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 105ನೆಯ ಕಲಮಿನಲ್ಲಿ ಆ ಶಬ್ದದ ಅರ್ಥವೇ ಬೇರೆ: ಪ್ರತಿಫಲವನ್ನು ಪಡೆದು, ಸ್ಥಿರಾಸ್ತಿಯನ್ನು ಅನುಭವಿಸುವ ಹಕ್ಕನ್ನು ಗೊತ್ತಾದ ಕಾಲದವರೆಗೆ ಒಪ್ಪಿಸಿಕೊಡುವುದು.

ನನ್ನ ಮಟ್ಟಿಗೆ ‘ಬಾಡಿಗೆ’ಯೇ ಸರಿ. ಆದರೆ ಕನ್ನಡದಲ್ಲಿ ಕರಾರಿಗೂ ಬಾಡಿಗೆಯೆನ್ನುತ್ತೇವೆ, ತಿಂಗಳ ಹಣಕ್ಕೂ ಬಾಡಿಗೆಯೆನ್ನುತ್ತೇವೆ. ಆದುದರಿಂದ ‘ಬಾಡಿಗೆ ಕರಾರು’, ‘ಬಾಡಿಗೆ ಹಣ’ ಎಂದು ಎರಡಾಗಿ ಒಡೆದು, ಮೊದಲನೆಯದು 105ನೆಯ ಕಲಮಿನ ಲೀಸ್ ಎಂದು ಪತ್ರದ ಆರಂಭದಲ್ಲಿಯೇ ಒಮ್ಮೆ ಹೇಳಿ, ಮುಂದೆ ಎಲ್ಲಿಯೂ ಶಬ್ದವನ್ನು ಬದಲಿಸದೆ ಹೋಗಬೇಕು. ಒಂದೇ ಶಬ್ದವನ್ನು ಮತ್ತೆ ಮತ್ತೆ ಬಳಸಬಾರದೆಂದು ನಾವು ವಿದ್ಯಾರ್ಥಿಗಳ ಪ್ರಬಂಧಗಳಿಗೆ ಕೆಂಪು ಗೆರೆ ಎಳೆಯುತ್ತೇವೆ. ಇಲ್ಲಿ ಮಾತ್ರ ಆ ಬೇಸರವೇ ಗುಣ.

ಇನ್ನು ‘ನಿರ್ಧಾರ’. ಇಂಗ್ಲಿಷಿನ ‘ಡಿಟರ್ಮಿನೇಷನ್’ ಎಂಬುದಕ್ಕೆ ನಿಘಂಟು ಕೊಡುವ ಮೊದಲ ಅರ್ಥ ಅದೇ. ಆದರೆ ಅದೇ ಕಾಯಿದೆಯ 111ನೆಯ ಕಲಮಿನಲ್ಲಿ ಅದಕ್ಕೆ ಕೊನೆಗೊಳ್ಳುವುದೆಂದೇ ಅರ್ಥ. ಟೈಪಿನವರ ಕನ್ನಡದಂತೆ ಹೋದರೆ, ಬಾಡಿಗೆ ಗೊತ್ತಾದ ದಿನವೇ ಮನೆ ಬಿಡಬೇಕಾದೀತು!

‘ಹರಕು ಮುರುಕು’ ಅಜ್ಜಿಗೆ ನಷ್ಟ ತರುವ ಶಬ್ದ. ಹೊಸ್ತಿಲು ಸವೆಯುವುದು, ಬಣ್ಣ ಮಾಸುವುದು, ನೆಲದ ನುಣುಪು ಹೋಗುವುದು, ಇವು ನೆಟ್ಟಗೆ ಬಾಳಿದರೂ ಆಗತಕ್ಕವು; ಬಿಟ್ಟುಕೊಡಬೇಕಾದುದು ಇಷ್ಟನ್ನೇ. ಕಿಟಕಿಯ ಗಾಜು ಒಡೆದರೆ ಅದು ಮುರುಕು, ಆದರೆ ಸವಕಳಿಯಲ್ಲ. ಟೈಪಿನವರ ಪಾಠದಲ್ಲಿ ಒಡೆದ ಗಾಜಿಗೂ ಮಾಫಿಯಿದೆ. ‘ಸವಕಳಿ’ಯೆಂಬ ಅಚ್ಚ ಶಬ್ದ ಮನೆಯಲ್ಲಿರುವಾಗ ಹೊರಗೆ ತಡಕಾಡುವುದೇಕೆ?

ಹಣದ ಶಬ್ದಕ್ಕೆ ಬಂದಾಗ ಇಬ್ಬರ ಮನಸ್ಸೂ ಬೇರೆಯೆಂಬುದು ಹೊರಬಿತ್ತು. “ಮುಂಗಡ ಅಂದ್ರ ಹತ್ತು ತಿಂಗಳ ಭಾಡಿಗಿ ಮೊದಲ ಕೊಟ್ಟಂಗಲ್ಲೇನ್ರಿ?” ಎಂದರು ಅಜ್ಜಿ. “ನಮ್ಮ ಕಡೆ ಅಡ್ವಾನ್ಸ್ ಅಂದ್ರೆ ಮನೆ ಬಿಡುವಾಗ ವಾಪಸ್ ಕೊಡೋದು ಸಾರ್” ಎಂದರು ತರುಣ. ಮುಂಗಡವೆಂದರೆ ಮುಂದೆ ಸಲ್ಲಬೇಕಾದುದನ್ನು ಮೊದಲೇ ಸಲ್ಲಿಸುವುದು. ತಿಂಗಳು ಕಳೆದಂತೆ ಅದು ಕರಗುತ್ತದೆ. ಇಂಗ್ಲಿಷಿನ ಪತ್ರ ಹೇಳಿದ್ದುದು ಕರಗದೆ ನಿಲ್ಲುವ ಭದ್ರತಾ ಠೇವಣಿಯನ್ನು. ಅದರ ಮೇಲೆ ‘ಹಿಂದಿರುಗಿಸಬಹುದು’ ಬೇರೆ. ಇಂಗ್ಲಿಷಿನ ‘ಶಲ್’ ಕರ್ತವ್ಯವನ್ನು ಹೊರಿಸುತ್ತದೆ. ನಮ್ಮ ಕಾಯಿದೆಯ ಕನ್ನಡದಲ್ಲಿ ಅದಕ್ಕೆ ‘ತಕ್ಕದ್ದು’ ಎಂಬ ರೂಪವುಂಟು. ‘ಬಹುದು’ ಎಂದರೆ ಕೊಡುವುದೂ ಬಿಡುವುದೂ ಮಾಲೀಕರ ಇಚ್ಛೆ. ಹೀಗೆ ತರುಣನ ಐವತ್ತು ಸಾವಿರ ಎರಡು ಶಬ್ದಗಳಲ್ಲಿ ತೂಗಾಡುತ್ತಿತ್ತು. ಠೇವಣಿಯೆಂದು ಬಿಡಿಸಿ ಹೇಳಿದಾಗ ಅಜ್ಜಿ ತುಸು ಯೋಚಿಸಿ, ಆ ಹಣವನ್ನು ಬ್ಯಾಂಕಿನಲ್ಲಿಯೇ ಇಡುವೆನೆಂದು ಒಪ್ಪಿದರು.

ತಿದ್ದಿದ ಕಲಮು ಹೀಗಾಯಿತು: “ಬಾಡಿಗೆ ಕರಾರು ಕೊನೆಗೊಂಡಾಗ ಬಾಡಿಗೆದಾರರು, ಯುಕ್ತ ಬಳಕೆಯಿಂದಾದ ಸವಕಳಿಯೊಂದನ್ನು ಹೊರತುಪಡಿಸಿ, ಮೊದಲಿದ್ದ ಸ್ಥಿತಿಯಲ್ಲಿ ಮನೆಯನ್ನು ಮಾಲೀಕರಿಗೆ ಒಪ್ಪಿಸತಕ್ಕದ್ದು, ಕೂಡಲೇ ಮಾಲೀಕರು ಬಾಕಿಯನ್ನು ಕಳೆದು ಉಳಿದ ಭದ್ರತಾ ಠೇವಣಿಯನ್ನು ಹಿಂದಿರುಗಿಸತಕ್ಕದ್ದು.”

ಇಲ್ಲಿ ನನಗೊಂದು ಆಸೆ ಹುಟ್ಟಿತ್ತು. ಕಾಯಿದೆಯ 108ನೆಯ ಕಲಮು ಸವಕಳಿಯ ಜೊತೆಗೆ ತಡೆಯಲಾಗದ ಶಕ್ತಿಯಿಂದಾದ ಹಾನಿಯನ್ನೂ ಬಾಡಿಗೆದಾರನಿಗೆ ಬಿಟ್ಟುಕೊಡುತ್ತದೆ. ಇಂಗ್ಲಿಷಿನ ಪತ್ರದಲ್ಲಿ ಅದಿರಲಿಲ್ಲ. ಸೇರಿಸಿದರೆ ಪತ್ರ ಚೆಲುವಾಗುತ್ತಿತ್ತು. ಆದರೆ ಅದು ಭಾಷಾಂತರವಾಗುತ್ತಿರಲಿಲ್ಲ. ಅಂಚಿನಲ್ಲಿ ಗುರುತು ಹಾಕಿ, ಬೇಕಾದರೆ ವಕೀಲರನ್ನು ಕೇಳಿ ಎರಡು ಭಾಷೆಗಳಲ್ಲಿಯೂ ಸೇರಿಸಿರೆಂದು ಹೇಳಿದೆ.

ಒಂದು ಶಬ್ದಕ್ಕೆ ಮಾತ್ರ ಕನ್ನಡ ಸಿಕ್ಕಲಿಲ್ಲ: ‘ಹೋಲ್ಡಿಂಗ್ ಓವರ್’. ‘ಅವಧಿ ಮೀರಿ ಇರುವುದು’ ಎಂದರೆ ಮಾಲೀಕರ ಒಪ್ಪಿಗೆಯಿಂದ ಉಳಿದವನೂ, ಒಪ್ಪಿಗೆಯಿಲ್ಲದೆ ಕುಳಿತವನೂ ಒಂದೇ ಆಗುತ್ತಾರೆ. 116ನೆಯ ಕಲಮಿನಲ್ಲಿ ಅವರು ಒಂದಲ್ಲ. ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ಹಣವನ್ನು ಅಂಗೀಕರಿಸಿದರೆ, ಬೇರೆ ಕರಾರಿಲ್ಲದಿದ್ದಲ್ಲಿ, ಇಂಥ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ. ಅಜ್ಜಿಯಂಥವರು ದಾಕ್ಷಿಣ್ಯಕ್ಕೆ ಹನ್ನೆರಡನೆಯ ತಿಂಗಳ ಹಣವನ್ನು ಇಸಿದುಕೊಂಡರೆ ಅದರ ಫಲ ಇದೇ. ಅಂಥ ಶಬ್ದಕ್ಕೆ ಹೊಸದೊಂದು ಸಂಸ್ಕೃತ ಸಮಾಸವನ್ನು ಕಟ್ಟಿದರೆ ಅರ್ಥವಾಯಿತೆಂಬ ಭ್ರಮೆ ಹುಟ್ಟುತ್ತದೆ, ಅಷ್ಟೇ. ಆದುದರಿಂದ ‘ಹೋಲ್ಡಿಂಗ್ ಓವರ್’ ಎಂದೇ ಕನ್ನಡ ಅಕ್ಷರದಲ್ಲಿಟ್ಟು, ಸಮನಾದ ಶಬ್ದವಿಲ್ಲವೆಂದು ತಿಳಿಸಿ, ಅದರ ಪರಿಣಾಮವನ್ನು ಮೂರು ಸಾಲುಗಳಲ್ಲಿ ಪತ್ರದ ಕೊನೆಗೆ ಬರೆದೆವು.

ಎರಡು ಪಾಠಗಳಲ್ಲಿ ಭೇದ ಕಂಡರೆ ಯಾವುದನ್ನು ನಂಬಬೇಕೆಂಬುದನ್ನೂ ಪತ್ರವೇ ಹೇಳಬೇಕು. ಅಜ್ಜಿ ಕನ್ನಡವೆಂದರು, ತರುಣರೂ ಒಪ್ಪಿದರು. ಬಳಿಕ ಕನ್ನಡದ ಪ್ರತಿಯನ್ನು ಮೊದಲಿನಿಂದ ಕಡೆಯವರೆಗೆ ಗಟ್ಟಿಯಾಗಿ ಓದಿ ಹೇಳಲಾಯಿತು. ಸವಕಳಿಯ ಮಾತು ಬಂದಾಗ ಅಜ್ಜಿ, ಅಡಿಗೆಮನೆಯ ಕಿಟಕಿಯ ಒಂದು ಗಾಜು ಈಗಲೇ ಒಡೆದಿದೆ, ಅದನ್ನೂ ಬರೆದುಕೊಳ್ಳಿರೆಂದರು.