ಸಾಸಿವೆ ಎಣ್ಣೆಯ ಬಿಸಿ, ಎಳೆಗೂಸಿನ ಚರ್ಮ

ನಮ್ಮ ಮೇಲಿನ ಮನೆಯ ಹುಡುಗಿ ಹಾಸನದವಳು, ಗಂಡ ಬಿಹಾರದ ದರ್ಭಂಗಾ ಕಡೆಯವನು. ಬಾಣಂತನಕ್ಕೆ ಅತ್ತೆಯೇ ಬೆಂಗಳೂರಿಗೆ ಬಂದಿದ್ದರು. ಜೊತೆಗೆ ಊರಿನ ಗಾಣದಲ್ಲಿ ಆಡಿಸಿದ ಸಾಸಿವೆ ಎಣ್ಣೆಯೂ ಬಂದಿತ್ತು. ದಿನಾ ಬೆಳಿಗ್ಗೆ ಕಬ್ಬಿಣದ ಸೌಟಿನಲ್ಲಿ ಎಣ್ಣೆ ಕಾಯಿಸಿ, ಎರಡು ಎಸಳು ಬೆಳ್ಳುಳ್ಳಿ, ಚಿಟಿಕೆ ಓಂಕಾಳು ಹಾಕಿ ಕಪ್ಪಾಗುವವರೆಗೆ ಹುರಿಯುವರು. ಅದು ಆರಿದ ಮೇಲೆ ಕಾಲು ಚಾಚಿ ಕೂತು ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ನೀವುವರು. ಅದರ ಘಾಟು ನಮ್ಮ ಮನೆಗೂ ಇಳಿಯುತ್ತಿತ್ತು. ಹದಿಮೂರನೆಯ ದಿನ ಹುಡುಗಿ ಫೋನ್ ಮಾಡಿದಳು. "ಅಕ್ಕಾ, ಪಾಪು ಕತ್ತೆಲ್ಲ ಕೆಂಪಾಗಿದೆ, ಒಂದ್ಸಲ ಬಂದು ನೋಡ್ತೀರಾ? ಅತ್ತೆ ಮೈಗೆ ಬಿಸಿ ಹಿಡಿದಿದೆ, ಒಳ್ಳೇದೇ ಅಂತಾರೆ."

ನಾನು ಬಹಳ ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಇಂಥ ಕತ್ತುಗಳನ್ನು ನೋಡಿದ್ದೇನೆ.

ಬಿಹಾರ, ಉತ್ತರ ಪ್ರದೇಶ, ಬಂಗಾಳ, ನೇಪಾಳದ ತರಾಯಿಯಲ್ಲಿ ಎಳೆಗೂಸಿಗೆ ಸಾಸಿವೆ ಎಣ್ಣೆ ಹಚ್ಚದ ಮನೆ ಹುಡುಕಬೇಕು. ಮೈ ಬೆಚ್ಚಗಿರುತ್ತದೆ, ಮೂಳೆ ಗಟ್ಟಿಯಾಗುತ್ತದೆ ಎಂಬ ನಂಬಿಕೆ. ಆ ಬಿಸಿ ಸುಳ್ಳಲ್ಲ. ಆದರೆ ಅದು ಎಲ್ಲಿಂದ ಬರುತ್ತದೆ ಎಂಬುದು ಗೊತ್ತಾದರೆ ಕೆಂಪು ಕತ್ತಿನ ಕಾರಣವೂ ಗೊತ್ತಾಗುತ್ತದೆ.

ಮಲೆನಾಡಿನ ಅನಾನಸ್ ಸಾಸಿವೆ ಮಾಡಿದವರಿಗೆ ಇದು ಹೊಸದಲ್ಲ. ಇಡೀ ಸಾಸಿವೆ ಕಾಳು ಬಾಯಿಗೆ ಹಾಕಿದರೆ ಘಾಟಿಲ್ಲ; ನೀರು ಹಾಕಿ ಅರೆದರೆ ಮೂಗಿಗೆ ಹೊಡೆಯುತ್ತದೆ. ಕಾಳಿನೊಳಗೆ ಸಿನಿಗ್ರಿನ್ ಎಂಬ ವಸ್ತು ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಕಾಳು ಜಜ್ಜಿ ತೇವ ತಗುಲಿದಾಗ ಎರಡೂ ಕೂಡಿ ಅಲ್ಲೈಲ್ ಐಸೋಥಯೋಸಯನೇಟ್ ಹುಟ್ಟುತ್ತದೆ. ಘಾಟೆಂದರೆ ಅದೇ. ಗಾಣದ ಎಣ್ಣೆಯಲ್ಲಿ ಅದರ ಅಂಶ ಉಳಿದಿರುತ್ತದೆ. ಚರ್ಮಕ್ಕೆ ಸೋಕಿದಾಗ ಅದು ಉರಿಯ ಸುದ್ದಿ ಮುಟ್ಟಿಸುವ ನರತುದಿಗಳನ್ನು ಕೆರಳಿಸುತ್ತದೆ, ರಕ್ತನಾಳ ಹಿಗ್ಗುತ್ತವೆ, ಚರ್ಮ ಕೆಂಪಾಗುತ್ತದೆ. ಬಿಸಿ ಎಂದು ನಾವು ಕರೆಯುವುದು ಈ ಕೆರಳಿಕೆಯನ್ನೇ. ಮಗುವಿಗೆ ಶಾಖವೇನೂ ಸೇರುವುದಿಲ್ಲ. ಕಾಯಿಸಿದರೆ ಘಾಟು ಒಂದಿಷ್ಟು ಆರಿಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಎಷ್ಟು ಉಳಿಯಿತೆಂದು ಅಳೆಯುವ ದಾರಿಯೂ ಅಡುಗೆಮನೆಯಲ್ಲಿಲ್ಲ.

ದೊಡ್ಡವರ ತೋಳಿಗೆ ಇಷ್ಟು ಘಾಟು ಲೆಕ್ಕಕ್ಕಿಲ್ಲ. ಕೂಸಿನ ಮೈ ಬೇರೆ. ಹುಟ್ಟಿದಾಗ ಚರ್ಮದ ಮೇಲ್ಮೈಯಲ್ಲಿ ಹುಳಿ ಕಡಿಮೆ; ಮುಂದಿನ ದಿನಗಳಲ್ಲಿ ಅದು ನಿಧಾನವಾಗಿ ಆಮ್ಲೀಯವಾಗುತ್ತದೆ. ಚರ್ಮದ ಕೋಶಗಳ ನಡುವೆ ಗಾರೆಯಂತೆ ಕೂರುವ ಕೊಬ್ಬು ತಯಾರಾಗಲು ಈ ಹುಳಿ ಬೇಕು. ಆ ಗೋಡೆ ಏಳುವ ಹೊತ್ತಿನಲ್ಲೇ ನಾವು ಎಣ್ಣೆ ಸುರಿಯುವುದು.

ಯಾವ ಎಣ್ಣೆ ಗೋಡೆಗೆ ನೆರವಾಗುತ್ತದೆ? ಇಲಿಗಳ ಚರ್ಮದ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೂರ್ಯಕಾಂತಿ ಎಣ್ಣೆ ಗಾಯಗೊಂಡ ಗೋಡೆಯನ್ನು ಬೇಗ ಕೂಡಿಸಿತು, ಸಾಸಿವೆ ಎಣ್ಣೆ ತಡಮಾಡಿತು. ಸಾಸಿವೆಗೆ ಕೆಟ್ಟ ಹೆಸರು ಬಂದದ್ದು ಹೆಚ್ಚಾಗಿ ಇಲ್ಲಿಂದ. ಆದರೆ ಕೂಸು ಇಲಿಯಲ್ಲ. ನೇಪಾಳದ ಸರ್ಲಾಹಿ ಜಿಲ್ಲೆಯಲ್ಲಿ ಸಂಶೋಧಕರು ಸುಮಾರು ಸಾವಿರ ಎಳೆಗೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಾಸಿವೆ, ಇನ್ನೊಂದಕ್ಕೆ ಸೂರ್ಯಕಾಂತಿ ಎಣ್ಣೆ ಹಚ್ಚಿಸಿ ತಿಂಗಳವರೆಗೆ ನೋಡಿದರು. 2019ರಲ್ಲಿ ಫಲಿತಾಂಶ ಬಂತು. ಸೂರ್ಯಕಾಂತಿ ಹಚ್ಚಿದ ಮಕ್ಕಳ ಚರ್ಮ ಮೊದಲ ವಾರದಲ್ಲಿ ಬೇಗ ಆಮ್ಲೀಯವಾಯಿತು. ಕೆಂಪು, ಗುಳ್ಳೆ, ಒಣಗುವುದು, ಚರ್ಮದಿಂದ ನೀರು ಆರುವುದು – ಇವುಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಸಾಸಿವೆ ಎಣ್ಣೆಯನ್ನು ವಿಷವೆಂದು ಕರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದು ಎಲ್ಲ ಮಕ್ಕಳಿಗೂ ಗುಳ್ಳೆ ತರಿಸದು. ಕೆಲವರ ಚರ್ಮ ತಡೆಯದು, ಮತ್ತು ಹಚ್ಚಿ ನೋಡುವ ಮೊದಲು ಯಾರ ಚರ್ಮವೆಂದು ತಿಳಿಯದು.

ಇನ್ನು ಮೈಯೊಳಗೆ ಇಳಿಯುವ ಪ್ರಶ್ನೆ. ಎಣ್ಣೆ ಚರ್ಮದ ಮೇಲೇ ನಿಲ್ಲುತ್ತದೆ ಎಂದು ಬಹುಮಂದಿ ಅಂದುಕೊಂಡಿದ್ದಾರೆ. ಮುಂಬೈನ ವೈದ್ಯರು ಕೂಸುಗಳಿಗೆ ಐದು ದಿನ, ದಿನಕ್ಕೆ ನಾಲ್ಕು ಸಲ, ಸಲಕ್ಕೆ 5 ಮಿಲಿ ಎಣ್ಣೆ ನೀವಿ ರಕ್ತ ಪರೀಕ್ಷಿಸಿದರು. 2005ರಲ್ಲಿ ಅದು ಪ್ರಕಟವಾಯಿತು. ಕುಸುಬೆ ಎಣ್ಣೆ ಹಚ್ಚಿದವರ ರಕ್ತದಲ್ಲಿ ಕುಸುಬೆಯ ಕೊಬ್ಬು, ಕೊಬ್ಬರಿ ಎಣ್ಣೆ ಹಚ್ಚಿದವರಲ್ಲಿ ಕೊಬ್ಬರಿಯ ಕೊಬ್ಬು ಏರಿತ್ತು. ಹಚ್ಚಿದ್ದು ಸ್ವಲ್ಪವಾದರೂ ಒಳಗೆ ಹೋಗುತ್ತದೆ. ನಮ್ಮ ಸಾಸಿವೆ ಎಣ್ಣೆಯಲ್ಲಿ ಅರ್ಧದ ಹತ್ತಿರದಷ್ಟು ಎರುಸಿಕ್ ಆಮ್ಲ ಇರಬಹುದು. ಇಲಿಗಳಿಗೆ ಅದನ್ನು ಹೆಚ್ಚಾಗಿ ತಿನ್ನಿಸಿದಾಗ ಹೃದಯದಲ್ಲಿ ಕೊಬ್ಬು ತುಂಬಿದ್ದರಿಂದ ಯುರೋಪಿನಲ್ಲಿ ಅಡುಗೆ ಎಣ್ಣೆಗೆ ಮಿತಿ ಹಾಕಿದ್ದಾರೆ. ನೀವಿದ ಎಣ್ಣೆಯಿಂದ ಕೂಸಿನ ಹೃದಯ ಕೆಟ್ಟಿತೆಂಬುದಕ್ಕೆ ಆಧಾರವಿಲ್ಲ. ಅಮೆರಿಕದಲ್ಲಿ ಇದೇ ಎಣ್ಣೆಯ ಬಾಟಲಿಯ ಮೇಲೆ 'ಹೊರಗೆ ಹಚ್ಚಲು ಮಾತ್ರ' ಎಂದು ಬರೆದಿರುತ್ತದೆ. ಅಲ್ಲಿರುವ ನಮ್ಮವರು ಅದನ್ನು ನೋಡಿ, ಹಾಗಾದರೆ ಮಗುವಿಗೆ ಹಚ್ಚಬಹುದು ಎಂದುಕೊಳ್ಳುತ್ತಾರೆ. ಆ ಮಾತು ತಿನ್ನುವುದನ್ನು ತಡೆಯಲು ಬರೆದದ್ದು, ಕೂಸಿನ ಚರ್ಮಕ್ಕೆ ಕೊಟ್ಟ ಅನುಮತಿಯಲ್ಲ.

ನನಗೆ ಹೆಚ್ಚು ಭಯ ಕಲಬೆರಕೆಯದು. ಹೊಲದಲ್ಲಿ ಬೆಳೆಯುವ ಹಳದಿ ಹೂವಿನ ಮುಳ್ಳುಗಿಡ ಆರ್ಜಿಮೋನ್, ಅದರ ಬೀಜ ಸಾಸಿವೆಯಂತೆಯೇ ಕಾಣುತ್ತದೆ. 1998ರಲ್ಲಿ ದೆಹಲಿಯಲ್ಲಿ ಅದು ಬೆರೆತ ಎಣ್ಣೆ ತಿಂದು ಕಾಲು ಊದಿ, ಹೃದಯ ಸೋತು ಜನ ಸತ್ತರು. ತಿನ್ನದೆ ಬರಿಯ ಮೈಗೆ ನೀವಿಸಿಕೊಂಡವರಿಗೂ ಇದೇ ಕಾಯಿಲೆ ಬಂದದ್ದನ್ನು ವೈದ್ಯರು ದಾಖಲಿಸಿದ್ದಾರೆ. ಬಿಡಿ ಎಣ್ಣೆಯಲ್ಲಿ ಏನಿದೆಯೆಂದು ಕಣ್ಣಿಗೆ ಕಾಣದು.

ಮೇಲಿನ ಮನೆಗೆ ಹೋದೆ. ಮಗು ಹಾಲು ಚೆನ್ನಾಗಿ ಕುಡಿಯುತ್ತಿತ್ತು, ಜ್ವರವಿರಲಿಲ್ಲ. ಕೆಂಪು ಇದ್ದದ್ದು ಕತ್ತಿನ ಮಡಿಕೆ, ಕಂಕುಳು, ತೊಡೆಸಂದಿಯಲ್ಲಿ, ಅಂದರೆ ಎಣ್ಣೆ ನಿಂತು ಒರೆಸದೆ ಉಳಿಯುವ ಕಡೆ. ಮುಖಕ್ಕೆ ಎಣ್ಣೆ ಹಚ್ಚುತ್ತಿರಲಿಲ್ಲ, ಅಲ್ಲಿ ಏನೂ ಇರಲಿಲ್ಲ. ಹುಟ್ಟಿದ ಎರಡು ಮೂರು ದಿನಕ್ಕೆ ಬಂದು ಜಾಗ ಬದಲಿಸುತ್ತಾ ತಾನೇ ಮಾಯವಾಗುವ ಕೆಂಪು ಚುಕ್ಕಿ ಬೇರೆ, ಅದಕ್ಕೆ ಹೆದರಬೇಕಿಲ್ಲ. ಬೆವರುಸಾಲೆಯಾದರೆ ಸಣ್ಣ ಸಣ್ಣ ಗುಳ್ಳೆ ಕಾಣುತ್ತವೆ. ಇದು ಹಾಳೆ ಹಾಸಿದಂತೆ ಕೆಂಪಾಗಿ, ಅಂಚಿನಲ್ಲಿ ಒಣಗಿತ್ತು. ಕೀವು ತುಂಬಿದ ಗುಳ್ಳೆಯೋ, ಜ್ವರವೋ, ಹಾಲು ಬಿಡುವುದೋ ಇದ್ದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಕಳಿಸುತ್ತಿದ್ದೆ.

ಅಜ್ಜಿಗೆ ನೀವುವುದು ಬಿಡಿ ಎನ್ನಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ ಕೂಡ ಆರೋಗ್ಯವಂತ ಮಗುವಿಗೆ ಮೆಲ್ಲಗೆ ಮೈ ನೀವುವುದನ್ನು ಒಪ್ಪುತ್ತದೆ. ಚರ್ಮ ಕಾಪಾಡಲೆಂದು ದಿನಾ ಎಣ್ಣೆ ಬಳಿಯುವುದು ಬೇಕಿಲ್ಲ ಎನ್ನುತ್ತದೆ. "ನಾಲ್ಕು ದಿನ ಯಾವ ಎಣ್ಣೆಯೂ ಬೇಡಮ್ಮ, ಮಡಿಕೆಗಳನ್ನು ಉಗುರುಬೆಚ್ಚನೆ ನೀರಲ್ಲಿ ಒರೆಸಿ ಒಣಗಿಸಿ" ಎಂದೆ. ಹುಡುಗಿ ಅದನ್ನು ಹಿಂದಿಗೆ ತಿರುಗಿಸಿ ಹೇಳಿದಳು. ಮೂರನೆಯ ದಿನಕ್ಕೆ ಕೆಂಪು ಇಳಿಯಿತು. ಎಣ್ಣೆ ನಿಲ್ಲಿಸಿದಾಗ ಹೋದದ್ದು ಎಣ್ಣೆಯತ್ತಲೇ ಬೆರಳು ತೋರಿಸುತ್ತದೆ.

ಆಮೇಲೆ ಕೊಬ್ಬರಿ ಎಣ್ಣೆ, ಸುವಾಸನೆ ಬೆರೆಸದ್ದು, ಒಂದು ಚಮಚ ಸಾಕು. ಮೊದಲು ಮುಂಗೈ ಮೇಲೆ ಒಂದು ಹನಿ ಹಚ್ಚಿ ಒಂದು ದಿನ ನೋಡುವುದು. ಲಿನೋಲಿಕ್ ಆಮ್ಲ ಹೆಚ್ಚಿರುವ ಸಾಮಾನ್ಯ ಸೂರ್ಯಕಾಂತಿ ಎಣ್ಣೆಯೂ ಆಗುತ್ತದೆ. ಡಬ್ಬಿಯ ಮೇಲೆ 'ಹೈ ಓಲಿಕ್' ಎಂದಿದ್ದರೆ ಬೇಡ. ಆಲಿವ್ ಎಣ್ಣೆಗೆ ದುಡ್ಡು ಸುರಿಯುವ ಅಗತ್ಯವಿಲ್ಲ, ಅದರ ಓಲಿಕ್ ಆಮ್ಲ ದೊಡ್ಡವರ ಚರ್ಮದ ಗೋಡೆಯನ್ನೇ ಸಡಿಲಿಸಿದ್ದು ಕಂಡಿದೆ. ಮೂಗು, ಕಿವಿ, ಉದುರದ ಹೊಕ್ಕುಳಿಗೆ ಯಾವ ಎಣ್ಣೆಯೂ ಬೇಡ. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ವೈದ್ಯರನ್ನು ಕೇಳದೆ ಏನೂ ಹಚ್ಚಬಾರದು.

ಅಜ್ಜಿ ಎರಡು ದಿನ ಮುಖ ಊದಿಸಿಕೊಂಡಿದ್ದರು. ಕೊಬ್ಬರಿ ಎಣ್ಣೆ ತಣ್ಣಗಂತೆ. ಬೆಂಗಳೂರಿನ ಜನವರಿಯ ಚಳಿಗೆ ಅವರ ಮಾತಿನಲ್ಲೂ ಅರ್ಥವಿತ್ತು. ಹಾಗಾಗಿ ಎಣ್ಣೆಯ ಬಟ್ಟಲನ್ನು ಬಿಸಿನೀರಿನ ತಟ್ಟೆಯಲ್ಲಿಟ್ಟು ಬೆಚ್ಚಗೆ ಮಾಡಿ, ಕಿಟಕಿ ಮುಚ್ಚಿ, ನೀವಿದ ಕೂಡಲೇ ಹೊದಿಸುವುದೆಂದು ಒಪ್ಪಂದವಾಯಿತು. ದರ್ಭಂಗಾದ ಎಣ್ಣೆಯಲ್ಲಿ ಆ ಭಾನುವಾರ ಮೀನು ಬೆಂದಿತು. ನಮಗೂ ಒಂದು ಬಟ್ಟಲು ಇಳಿದು ಬಂತು.