ನ್ಯಾಮತಿ ಯಾಕೆ ಹೊನ್ನಾಳಿಯೊಳಗಿದೆ? ಕೋಡ್ ಹೇಳಲ್ಲ, ಚೀಟಿ ಹೇಳುತ್ತೆ

ಮೂವರು ಗೆಳೆಯರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕೆರೆಗಳಿಗೆ ಬಂದ ಸರ್ಕಾರಿ ದುಡ್ಡಿನ ಲೆಕ್ಕವನ್ನು ಮ್ಯಾಪಿನಲ್ಲಿ ತೋರಿಸೋಕೆ ಹೊರಟರು ಅಂದುಕೊಳ್ಳಿ. ಮೊದಲ ವಾರವೇ ಒಂದು ತೊಡಕು. 2011ರ ಜನಗಣತಿಯಲ್ಲಿ ನ್ಯಾಮತಿ ತಾಲ್ಲೂಕೇ ಇಲ್ಲ, ಆಗ ಅದು ಹೊನ್ನಾಳಿಯ ಭಾಗ. ತಾಲ್ಲೂಕಿನ ಹೆಸರಿನ ಮೇಲೆ ಲೆಕ್ಕ ಕೂಡಿಸಿದರೆ, ಹೊಸ ತಾಲ್ಲೂಕು ಬಂದ ವರ್ಷ ಹೊನ್ನಾಳಿಗೆ ಬರ್ತಿದ್ದ ದುಡ್ಡು ದಿಢೀರ್ ಅಂತ ಕಮ್ಮಿ ಆದಂತೆ ಕಾಣುತ್ತೆ. ಅದನ್ನೇ ಯಾರಾದರೂ ಸುದ್ದಿ ಮಾಡಿಬಿಟ್ಟರೆ?

ಹಾಗಾಗಿ ಅವರು ಪ್ರತಿ ದಾಖಲೆಯನ್ನೂ 2011ರ ಗ್ರಾಮ ಕೋಡಿಗೆ ಕಟ್ಟಿ, ಯಾವ ಗ್ರಾಮ ಯಾವಾಗಿನಿಂದ ಯಾವ ತಾಲ್ಲೂಕಿನಲ್ಲಿದೆ ಅನ್ನೋದನ್ನ ಬೇರೆ ಪಟ್ಟಿಯಲ್ಲಿಟ್ಟರು. ಆರು ತಿಂಗಳ ನಂತರ ಬಂದ ಹೊಸಬರಿಗೆ ಈ ಎರಡು ಪಟ್ಟಿ ಅನಗತ್ಯ ಗೋಜಲು ಅನ್ನಿಸುತ್ತೆ. ಕೋಡ್ ಓದಿದರೆ ಏನು ಮಾಡಿದ್ದಾರೆ ಅಂತ ತಿಳಿಯುತ್ತೆ, ಯಾಕೆ ಅಂತ ತಿಳಿಯಲ್ಲ.

ಇದಕ್ಕೆ ಮೈಕೆಲ್ ನೈಗಾರ್ಡ್ 2011ರಲ್ಲಿ ಒಂದು ಸರಳ ಮಾದರಿ ಕೊಟ್ಟರು: ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್. ಒಂದು ನಿರ್ಧಾರಕ್ಕೆ ಒಂದು ಚಿಕ್ಕ ಫೈಲ್. ಅದು ಕೋಡ್ ಇರೋ ಜಾಗದಲ್ಲೇ, ಕ್ರಮಸಂಖ್ಯೆಯೊಂದಿಗೆ ಇರಬೇಕು. ನಮ್ಮ ಗೆಳೆಯರದ್ದು ಹೀಗಿರುತ್ತೆ:

```
0004-village-code.md
ಸ್ಥಿತಿ: ಒಪ್ಪಿದೆ
ಹಿನ್ನೆಲೆ: ತಾಲ್ಲೂಕಿನ ಗಡಿ ಬದಲಾಗುತ್ತೆ. ಹಳೇ
  ಹೊನ್ನಾಳಿಯಲ್ಲಿ ನ್ಯಾಮತಿಯೂ ಸೇರಿದೆ.
ನಿರ್ಧಾರ: 2011ರ ಗ್ರಾಮ ಕೋಡೇ ಗುರುತು.
  ತಾಲ್ಲೂಕಿನ ಹೆಸರು ಗುರುತಲ್ಲ.
ಪರಿಣಾಮ: ವರ್ಷಗಳನ್ನು ಹೋಲಿಸಬಹುದು. ಆದರೆ
  ಹೊಸ ಕಂದಾಯ ಗ್ರಾಮಗಳಿಗೆ ಕೋಡ್ ಸಿಗಲ್ಲ.
```

ಕೊನೆಯ ಸಾಲು ನೋಡಿ. ತಾಂಡಾ, ಹಟ್ಟಿಗಳು ಕಂದಾಯ ಗ್ರಾಮಗಳಾದಾಗ ಈ ನಿರ್ಧಾರ ಕೈಕೊಡುತ್ತೆ ಅನ್ನೋದು ಬರೆದವರಿಗೆ ಆಗಲೇ ಗೊತ್ತಿತ್ತು. ‘ಪರಿಣಾಮ’ದಲ್ಲಿ ಬರೀ ಲಾಭಗಳಷ್ಟೇ ಇದ್ದರೆ, ಅದು ಆಮೇಲೆ ಕೂತು ಬರೆದ ಸಮರ್ಥನೆ ಅಂತ ಅನುಮಾನಿಸಬಹುದು.

ಮುಂದೆ ಅಂಥ ಗ್ರಾಮಗಳು ಬಂದೇ ಬಂದವು, ತಂಡ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯ ಕೋಡಿಗೆ ಬದಲಾಯಿತು ಅನ್ನಿ. ಆಗ ನಾಲ್ಕನೇ ಚೀಟಿಯನ್ನು ತಿದ್ದಬಾರದು, ಅಳಿಸಲೂಬಾರದು. ಹೊಸದಾಗಿ ಒಂಬತ್ತನೆಯದನ್ನು ಬರೆದು, ನಾಲ್ಕರ ಸ್ಥಿತಿಯನ್ನಷ್ಟೇ ‘0009 ಇದರ ಜಾಗಕ್ಕೆ ಬಂದಿದೆ’ ಅಂತ ಬದಲಿಸಬೇಕು. ಹಳೇ ಕಾರಣ ಹಾಗೇ ಉಳಿದರೆ, ‘ತಾಲ್ಲೂಕಿನ ಹೆಸರೇ ಸಾಕಲ್ವಾ?’ ಅನ್ನೋ ವಾದವನ್ನ ಮತ್ತೆ ಮೊದಲಿಂದ ಶುರು ಮಾಡಬೇಕಿಲ್ಲ.

ಎಲ್ಲದಕ್ಕೂ ಚೀಟಿ ಬೇಡ. ಬಟನ್ ಬಣ್ಣವನ್ನ ನಾಳೆ ಬದಲಿಸಬಹುದು. ಸಾವಿರಾರು ದಾಖಲೆಗಳ ಗುರುತನ್ನು ಬದಲಿಸೋಕೆ ವಾರಗಟ್ಟಲೆ ಬೇಕು. ವಾಪಸ್ ಹೋಗೋದು ದುಬಾರಿ ಅನ್ನಿಸಿದ ನಿರ್ಧಾರಕ್ಕೆ ಮಾತ್ರ, ಅದನ್ನು ತಗೊಂಡ ದಿನವೇ ಬರೆಯಿರಿ. ಆ ಬದಲಾವಣೆಯ ಕೋಡ್ ಜೊತೆಗೇ ಚೀಟಿಯನ್ನೂ ಇನ್ನೊಬ್ಬರು ಓದಿ ಒಪ್ಪಲಿ. ಅವರಿಗೇ ಕಾರಣ ಅರ್ಥವಾಗಲಿಲ್ಲ ಅಂದ್ರೆ ಆರು ತಿಂಗಳ ನಂತರ ಬರೋರಿಗೂ ಅರ್ಥವಾಗಲ್ಲ.