ಬುದ್ಧಿಹಲ್ಲಿಗೆ ಎರಡು ಚಿತ್ರ ಬೇಕೇ?

ಪ್ರಶ್ನೆ: ಕೆಳಗಿನ ಬುದ್ಧಿಹಲ್ಲು ಕೀಳಿಸಬೇಕು. ಓಪಿಜಿ ತೆಗೆಸಿದ ಮೇಲೆ ಡಾಕ್ಟರು ಸಿಬಿಸಿಟಿಯನ್ನೂ ಬರೆದಿದ್ದಾರೆ. ಅದು ಅಗತ್ಯವೇ?
– ಓದುಗರೊಬ್ಬರು, ಮಹಾಪೆ

ಉತ್ತರ: ಓಪಿಜಿ ಎರಡೂ ದವಡೆಗಳನ್ನು ಒಂದೇ ಚಪ್ಪಟೆ ಚಿತ್ರದಲ್ಲಿ ಹರಡಿ ತೋರಿಸುತ್ತದೆ. ಹಲ್ಲಿನ ಬೇರಿನ ಮೇಲೆ ನರದ ಕಾಲುವೆ ಹಾದಂತೆ ಕಂಡರೆ, ಅದು ಬೇರಿಗೆ ತಾಗಿದೆಯೋ, ಹಿಂದೆ ದೂರದಲ್ಲಿದೆಯೋ ಎಂಬುದು ಅದರಲ್ಲಿ ತಿಳಿಯದು. ಕೀಳುವಾಗ ಆ ನರಕ್ಕೆ ಪೆಟ್ಟಾದರೆ ಕೆಳತುಟಿ, ಗದ್ದ ಜೋಮು ಹಿಡಿಯಬಹುದು.

ನಿಮ್ಮ ಓಪಿಜಿಯನ್ನು ಬೆಳಕಿಗೆ ಹಿಡಿದು ನೋಡಿ. ಕಾಲುವೆಯ ಅಂಚಿನ ಬಿಳಿಗೆರೆ ಬೇರಿನ ಬಳಿ ತುಂಡಾಗಿದೆಯೇ? ಬೇರು ಅಲ್ಲಿ ಕಪ್ಪಾಗಿದೆಯೇ? ಕಾಲುವೆ ತಿರುಗಿದೆಯೇ? ಇವು ನಂಟಿನ ಸುಳಿವುಗಳು. ಆಗ ಮೂರು ಆಯಾಮದ ಸಿಬಿಸಿಟಿಗೆ ಅರ್ಥವಿದೆ. ನರ ಬೇರಿಗೆ ಅಂಟಿಕೊಂಡಿದ್ದರೆ ಬೇರನ್ನು ಬಿಟ್ಟು ಮೇಲ್ಭಾಗವನ್ನಷ್ಟೇ ಕತ್ತರಿಸಿ ತೆಗೆಯುವ ದಾರಿಯೂ ಇದೆ. ಬಿಳಿಗೆರೆ ಅಖಂಡವಾಗಿ ಬೇರಿನಿಂದ ದೂರವಿದ್ದರೆ ಓಪಿಜಿಯೇ ಸಾಕು.

ಓಪಿಜಿಯ ವಿಕಿರಣ ಸುಮಾರು 10ರಿಂದ 25 ಮೈಕ್ರೋಸೀವರ್ಟ್, ಅಂದರೆ ಪ್ರಕೃತಿಯಿಂದಲೇ ಕೆಲವು ದಿನಗಳಲ್ಲಿ ಸಿಗುವಷ್ಟು. ಸಿಬಿಸಿಟಿಯದು ಹಲವು ಪಟ್ಟು ಹೆಚ್ಚಿರಬಹುದು. ಇಡೀ ಮುಖದ ಬದಲು ಆ ಹಲ್ಲಿನ ಭಾಗಕ್ಕಷ್ಟೇ ಸೀಮಿತಗೊಳಿಸಿದರೆ ಇಳಿಯುತ್ತದೆ. ಡಾಕ್ಟರನ್ನು ಇಷ್ಟೇ ಕೇಳಿ: “ಸ್ಕ್ಯಾನ್ ನೋಡಿದ ಮೇಲೆ ಕೀಳುವ ಕ್ರಮ ಬದಲಾಗಬಹುದೇ?” ಬದಲಾಗದು ಎಂದರೆ ಅದು ಬೇಡ.